ಸುತ್ತೋಲೆಯ ಕೊನೆಯ ಸಾಲು

ಕಚೇರಿಯಲ್ಲಿ ಹಗಲೆಲ್ಲ ಸುತ್ತೋಲೆ ಓದುವುದೇ ನಮ್ಮ ಹೊಟ್ಟೆಪಾಡು. ಹಾಗಿದ್ದೂ ಹೋದ ವರ್ಷ ಮಗಳ ಶಾಲೆಯ ವಾರ್ಷಿಕೋತ್ಸವದ ಸುತ್ತೋಲೆಯನ್ನು ನಾವು ಸರಿಯಾಗಿ ಓದಲಿಲ್ಲವೆಂದರೆ ನಂಬುವಿರಾ? ಮೊಬೈಲಿಗೆ ಬಂದದ್ದರ ಮೇಲೆ ಕಣ್ಣಾಡಿಸಿ, 'ಸಂಜೆ 5-30ಕ್ಕೆ' ಎಂಬುದನ್ನಷ್ಟೇ ನೆನಪಿಟ್ಟೆವು. ಮೊದಲೊಂದು ಗಂಟೆ ಭಾಷಣವೇ ತಾನೆ ಎಂದು ಆರೂವರೆಗೆ ಸ್ಕೂಟರಿನಲ್ಲಿ ಹೋದೆವು. ಮುಂಬಯಿಯ ಶಾಲೆ, ಇದ್ದೊಂದು ಮೈದಾನದಲ್ಲೇ ರಂಗಮಂಟಪ. ವಾಹನಕ್ಕೆ ಜಾಗವೆಲ್ಲಿಂದ ಬರಬೇಕು? ಕಾವಲುಗಾರ ಹಿಂದಿನ ಓಣಿ ತೋರಿಸಿದ, ಅದೂ ತುಂಬಿತ್ತು. ದೂರದ ಮಾರುಕಟ್ಟೆಯ ಬಳಿ ಸ್ಕೂಟರು ನಿಲ್ಲಿಸಿ ಓಡೋಡಿ ಬರುವಷ್ಟರಲ್ಲಿ ಮಗಳ ಕುಣಿತ ಮುಗಿದೇ ಹೋಗಿತ್ತು. ಚಿಕ್ಕ ತರಗತಿಗಳು ಮೊದಲೆಂದು ಸುತ್ತೋಲೆಯಲ್ಲೇ ಇತ್ತು.

"ಎಲ್ಲಿ ಕೂತಿದ್ರಿ, ಅಪ್ಪಾ?" ಎಂದಳು ಮಗಳು.

"ಹಿಂದಿನ ಸಾಲಿನಾಗ" ಎಂದೆವು. ಆ ಸುಳ್ಳು ವರ್ಷವಿಡೀ ಗಂಟಲಲ್ಲೇ ಉಳಿಯಿತು.

ಈ ಸಲ ಧಾರವಾಡದಿಂದ ಅವ್ವ ಬಂದಿದ್ದಳು. ಮನೆಗೆ ಎರಡೇ ಪಾಸು, ನಾವು ಮೂವರು. ಅವ್ವನಿಗೆ ಮಂಡಿನೋವು. ನಾವು ಕಡತ ಬಿಚ್ಚುವವರಂತೆ ಸುತ್ತೋಲೆಯನ್ನು ಬಿಚ್ಚಿದೆವು. ಬಣ್ಣದ ಕೋಣೆಯಲ್ಲಿ ಮಕ್ಕಳಿಗೆ ಉಡಿಸಲು ಬರುವ ತಾಯಂದಿರಿಗೆ ಪಾಸು ಬೇಡವೆಂದಿತ್ತು. ನಮ್ಮ ಮನೆಯಾಕೆ ಹೆಸರು ಕೊಟ್ಟು, ಮೂರು ಗಂಟೆಗೇ ಮಗಳೊಡನೆ ಹೊರಟಳು. ಪಾಸಿನ ತೊಡಕು ಬಗೆಹರಿಯಿತು.

ಇನ್ನು ಹೊತ್ತಿನ ಲೆಕ್ಕ. ದೀಪ, ವರದಿ, ಅತಿಥಿಗಳ ಮಾತು, ಬಹುಮಾನ ಎಲ್ಲ ಮುಗಿದು 6-45ಕ್ಕೆ ಕುಣಿತಗಳು. ಮಗಳ ತಂಡದ ಕೋಳಿ ನೃತ್ಯ ಆರನೆಯದು. ಹಾಡಿಗೆ ನಾಲ್ಕು ನಿಮಿಷ, ರಂಗ ತೆರವಾಗಿ ಮುಂದಿನ ತಂಡ ನಿಲ್ಲಲು ಮೂರು ನಿಮಿಷ. ಐದು ಕುಣಿತಕ್ಕೆ 35 ನಿಮಿಷ. ಅಲ್ಲಿಗೆ 7-20. ಅತಿಥಿಗಳು ತಡವಾಗಿ ಬಂದರೆ ಇದು ಮುಂದೆ ಹೋದೀತೇ ಹೊರತು ಹಿಂದೆ ಬಾರದು. ಆದರೆ ಬಾಗಿಲು ಮುಚ್ಚುವುದು 5-15ಕ್ಕೇ! ಕುಣಿತದ ಹೊತ್ತು ನೋಡಿ ಹೊರಡುವವನು ಬೀದಿಯಲ್ಲೇ ನಿಲ್ಲುತ್ತಾನೆ. ವಾರ್ಷಿಕೋತ್ಸವಕ್ಕೆ ಹೊರಡುವವನು ನೋಡಬೇಕಾದದ್ದು ಬಾಗಿಲಿನ ಹೊತ್ತನ್ನು.

ವಾಹನ ನಿಲುಗಡೆಯ ಸೂಚನೆಗಳ ತೀರ ಕೊನೆಗೆ ಒಂದು ಸಾಲಿತ್ತು: ವಯಸ್ಸಾದವರನ್ನು 5 ಗಂಟೆಯವರೆಗೆ ಪಕ್ಕದ ಬಾಗಿಲಲ್ಲಿ ಇಳಿಸಬಹುದು, ಅಲ್ಲಿ ವಾಹನ ನಿಲ್ಲಿಸುವಂತಿಲ್ಲ. ನಾವು ಸ್ಕೂಟರನ್ನು ಮನೆಯಲ್ಲೇ ಬಿಟ್ಟು, ಅರ್ಧ ದಿನ ರಜೆ ಹಾಕಿ, ಅವ್ವನೊಡನೆ ಆಟೋದಲ್ಲಿ 4-40ಕ್ಕೆ ಆ ಬಾಗಿಲಲ್ಲಿ ಇಳಿದೆವು. ಆಟೋಕ್ಕೆ ನಿಲುಗಡೆಯ ಚಿಂತೆಯಿಲ್ಲ. ಮೂರನೆಯ ಸಾಲಿನಲ್ಲಿ ಜಾಗ ಸಿಕ್ಕಿತು.

ಅತಿಥಿಗಳು ಕಾಲು ಗಂಟೆ ತಡವಾದರು. 7-35ಕ್ಕೆ ಮಗಳು ಬುಟ್ಟಿ ಹಿಡಿದು ರಂಗಕ್ಕೆ ಬಂದಳು. ಮರಾಠಿ ಹಾಡು ತಿಳಿಯದ ಅವ್ವ ತೊಡೆ ತಟ್ಟಿ ತಾಳ ಹಾಕಿದಳು.

ಮನೆಗೆ ಬರುವಾಗ ಮಗಳು ಏನೂ ಕೇಳಲಿಲ್ಲ. ನಮ್ಮ ತೋಳಿಗೆ ಒರಗಿ, "ಈ ಸಲ ಖರೇನ ಬಂದಿದ್ರಿ, ಅಪ್ಪಾ" ಎಂದಳು.