ಪೈಠಣದಿಂದ ಬ್ಯಾಂಕಿಗೊಂದು ಕಾಗದ

ಗೋದಾವರಿ ದಡದ ಪೈಠಣಕ್ಕೂ ನಮ್ಮ ಬೀದರ್, ಕಲಬುರಗಿಗೂ ಬ್ಯಾಂಕಿನ ಲೆಕ್ಕದಲ್ಲಿ ಹಳೆಯ ನಂಟಿದೆ. ಮರಾಠವಾಡವೂ ಈ ಜಿಲ್ಲೆಗಳೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. 1941ರಲ್ಲಿ ಶುರುವಾದ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಗಿ ಎರಡೂ ಕಡೆಯವರ ದುಡ್ಡು ನೋಡಿಕೊಂಡಿತು. 2017ರ ಏಪ್ರಿಲ್ 1ರಂದು ಅದೂ ಮೈಸೂರು ಬ್ಯಾಂಕೂ ಒಟ್ಟಿಗೇ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಕರಗಿದವು. ಆಗ ಬೋರ್ಡು ಬದಲಾಯಿತು, ಖಾತೆ ಸಂಖ್ಯೆ ಬಹುಮಟ್ಟಿಗೆ ಹಾಗೇ ಉಳಿಯಿತು. ಎಲ್ಲ ವಿಲೀನವೂ ಅಷ್ಟು ಸಲೀಸಾಗಿ ಮುಗಿಯುವುದಿಲ್ಲ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿದ ಮೇಲೆ ಗ್ರಾಹಕರಿಗೆ ಹೊಸ ಖಾತೆ ಸಂಖ್ಯೆ ಬಂತು, ಐಎಫ್‌ಎಸ್‌ಸಿ ಕೋಡೂ ಬೇರೆಯಾಯಿತು. ಅಂಕಿ ಬದಲಾದಾಗ ತಿಂಗಳ ಪಿಂಚಣಿ ದಾರಿ ತಪ್ಪುವ ಸಂಭವ ಹೆಚ್ಚು. ಆಗ ಪಿಂಚಣಿದಾರರು ಬ್ಯಾಂಕಿಗೆ ಬರೆಯುವ ಕಾಗದ ಸಾಮಾನ್ಯವಾಗಿ ಖಾತೆ ಸಂಖ್ಯೆಯಿಂದಲೇ ಶುರುವಾಗುತ್ತದೆ. ಅಲ್ಲೇ ಕಾಗದದ ಅರ್ಧ ಬಲ ಹೋಗುತ್ತದೆಂಬುದು ನನ್ನ ವಾದ. ಅದು ಪಿಪಿಒ ಸಂಖ್ಯೆಯಿಂದ ಶುರುವಾಗಬೇಕು.

ಖಾತೆ ಸಂಖ್ಯೆ ಬ್ಯಾಂಕು ತನ್ನ ಅನುಕೂಲಕ್ಕೆ ಕೊಟ್ಟುಕೊಂಡ ವಿಳಾಸ. ಇಂದು ಒಂದು, ನಾಳೆ ಇನ್ನೊಂದು. ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ, ಸರ್ಕಾರ ಕೊಟ್ಟದ್ದು. ಕೇಂದ್ರ ಸರ್ಕಾರದ ಸಿವಿಲ್ ಪಿಂಚಣಿಯಲ್ಲಿ ಅದಕ್ಕೆ 12 ಅಂಕಿ, ಮತ್ತು ಯಾವ ಶಾಖೆ ಯಾವುದರಲ್ಲಿ ಸೇರಿದರೂ ಅದು ಕದಲುವುದಿಲ್ಲ. ಇನ್ನೂ ಮುಖ್ಯವಾದದ್ದೆಂದರೆ, ಈ ಪಿಂಚಣಿಯನ್ನು ನಮ್ಮ ಊರಿನ ಶಾಖೆ ಲೆಕ್ಕ ಹಾಕುವುದೇ ಇಲ್ಲ. ಬ್ಯಾಂಕಿನ ಸಿಪಿಪಿಸಿ ಎಂಬ ಕೇಂದ್ರ ಕಚೇರಿ ಪಿಪಿಒ ಪ್ರಕಾರ ತಿಂಗಳ ಮೊತ್ತ ಹಾಕಿ, ತನ್ನ ಕಡತದಲ್ಲಿ ಬರೆದಿಟ್ಟ ಖಾತೆಗೆ ಕಳಿಸುತ್ತದೆ. ಶಾಖೆಯಲ್ಲಿ ಹೊಸ ಸಂಖ್ಯೆ ಹುಟ್ಟಿ, ಸಿಪಿಪಿಸಿಯ ಕಡತದಲ್ಲಿ ಹಳೆಯದೇ ಕುಳಿತಿದ್ದರೆ ದುಡ್ಡು ಹೊರಟು ವಾಪಸಾಗಿ ಬ್ಯಾಂಕಿನೊಳಗೇ ಯಾವುದೋ ಸಸ್ಪೆನ್ಸ್ ಲೆಕ್ಕದಲ್ಲಿ ಬಿದ್ದಿರುತ್ತದೆ. ಶಾಖೆಯ ಗುಮಾಸ್ತರು ಕಂಪ್ಯೂಟರಿನಲ್ಲಿ ಹೊಸ ಖಾತೆ ತೆರೆದು ನೋಡಿ ‘ಏನೂ ಬಂದಿಲ್ಲ’ ಎನ್ನುವುದು ಸುಳ್ಳಲ್ಲ. ಅವರು ನೋಡಿದ ಜಾಗದಲ್ಲಿ ಅದು ಇಲ್ಲ, ಅಷ್ಟೇ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಬೀದರ್ ಮೂಲದ ಒಬ್ಬರು ಕೇಂದ್ರ ಅಬಕಾರಿ ಇಲಾಖೆಯಿಂದ ನಿವೃತ್ತರಾಗಿ ಪೈಠಣದಲ್ಲಿ ಮಗಳ ಮನೆಯಲ್ಲಿದ್ದಾರೆ. ಪಿಂಚಣಿ ತಿಂಗಳಿಗೆ 28,400 ರೂಪಾಯಿ. ಮಾರ್ಚ್ ತಿಂಗಳದ್ದು ಎಂದಿನಂತೆ ಏಪ್ರಿಲ್ ಮೊದಲ ಕೆಲಸದ ದಿನ ಬಂತು. ಉಳಿದ ತಿಂಗಳುಗಳದ್ದು ಆಯಾ ತಿಂಗಳ ಕೊನೆಯ ಕೆಲಸದ ದಿನವೇ ಬರಬೇಕು. ಏಪ್ರಿಲ್ ನಡುವೆ ಶಾಖೆ ವಿಲೀನವಾಗಿ ಹೊಸ ಸಂಖ್ಯೆ ಸಿಕ್ಕಿತು, 30ನೇ ತಾರೀಖಿನ ಪಿಂಚಣಿ ಬರಲಿಲ್ಲ. ಕಾಗದ ಬರೆಯುವ ಮೊದಲು ಇವರು ಒಂದನ್ನು ಖಚಿತ ಮಾಡಿಕೊಳ್ಳಬೇಕು. ನವೆಂಬರಿನ ಜೀವನ ಪ್ರಮಾಣ ಪತ್ರ ದಾಖಲಾಗಿಲ್ಲದಿದ್ದರೆ ಪಿಂಚಣಿ ನಿಂತದ್ದು ಅದಕ್ಕೇ ಇರಬಹುದು, ವಿಲೀನವನ್ನು ಬೈದು ಉಪಯೋಗವಿಲ್ಲ. ಗುರುತಿಸುವುದು ಕಷ್ಟವಲ್ಲ: ಡಿಸೆಂಬರಿನಿಂದ ಮಾರ್ಚ್‌ವರೆಗೆ ಪಾಸ್‌ಬುಕ್ಕಿನಲ್ಲಿ ತಪ್ಪದೆ ಎಂಟ್ರಿ ಬಿದ್ದಿದ್ದರೆ ಪ್ರಮಾಣ ಪತ್ರದ ತಕರಾರು ಇಲ್ಲವೆಂದೇ ಹೇಳಬಹುದು. ಕೊನೆಯ ಜಮೆಯ ಆ ಪುಟವೇ ಇಡೀ ಕಾಗದದ ಮುಖ್ಯ ಸಾಕ್ಷಿ. ಶಾಖೆಯವರು ಹೊಸ ಪಾಸ್‌ಬುಕ್ ಕೊಟ್ಟು ಹಳೆಯದನ್ನು ತೆಗೆದುಕೊಂಡು ಬಿಡುವ ಪದ್ಧತಿ ಇದ್ದಲ್ಲಿ, ಮೊದಲೇ ಜೆರಾಕ್ಸ್ ಮಾಡಿಸಿಕೊಳ್ಳುವುದು ಒಳ್ಳೆಯದು.

ಇನ್ನು ಕಾಗದ. ಶಾಖೆಯ ಮ್ಯಾನೇಜರಿಗೆ ಒಂದು, ಸಿಪಿಪಿಸಿಗೆ ಅದರ ಪ್ರತಿ. ಮರಾಠಿಯಲ್ಲೋ ಹಿಂದಿಯಲ್ಲೋ ಬರೆದರೂ ತಿರುಳು ಹೀಗಿರಬೇಕು: ‘ನನ್ನ ಪಿಪಿಒ ಸಂಖ್ಯೆ ಇಂಥದ್ದು. ಮಾರ್ಚ್ ತಿಂಗಳ ಪಿಂಚಣಿ ಈ ಹಳೆಯ ಖಾತೆಗೆ ಜಮೆಯಾಗಿದೆ, ಪುಟದ ಪ್ರತಿ ಲಗತ್ತಿಸಿದೆ. ವಿಲೀನದ ನಂತರ ನೀವು ಕೊಟ್ಟ ಹೊಸ ಸಂಖ್ಯೆ ಇದು. ಏಪ್ರಿಲ್ 30ರ ಪಿಂಚಣಿ ಎರಡರಲ್ಲೂ ಇಲ್ಲ. ಆ ಮೊತ್ತ ಸಿಪಿಪಿಸಿಯಿಂದ ಯಾವ ದಿನ, ಯಾವ ಖಾತೆ ಸಂಖ್ಯೆಗೆ ಹೋಯಿತು, ವಾಪಸಾಗಿದ್ದರೆ ಯಾವ ದಿನ ಮತ್ತು ಈಗ ಎಲ್ಲಿದೆ ಎಂಬುದನ್ನು ಲಿಖಿತವಾಗಿ ತಿಳಿಸಿ. ಪಿಪಿಒ ಎದುರಿಗೆ ಹೊಸ ಸಂಖ್ಯೆ ದಾಖಲಿಸಿ. ತಡವಾದ ದಿನಗಳ ಬಡ್ಡಿ ಸೇರಿಸಿ ಜಮೆ ಮಾಡಿ.’ ಇದರಲ್ಲಿ ಗೋಳಿಲ್ಲ, ವಯಸ್ಸಿನ ಪ್ರಸ್ತಾಪವಿಲ್ಲ, ಔಷಧದ ಖರ್ಚಿನ ಮಾತೂ ಇಲ್ಲ. ಅವೆಲ್ಲ ನಿಜವೇ ಆದರೂ ಅವಕ್ಕೆ ಉತ್ತರವಾಗಿ ಬರುವುದು ಸಹಾನುಭೂತಿ. ‘ಯಾವ ದಿನ, ಯಾವ ಸಂಖ್ಯೆಗೆ’ ಎಂದು ಕೇಳಿದರೆ ಯಾರಾದರೂ ಲೆಡ್ಜರ್ ತೆರೆಯಲೇಬೇಕು.

ಬ್ಯಾಂಕಿನ ಕಡೆಯ ಒಂದು ಮಾತಿದೆ, ತಳ್ಳಿಹಾಕುವಂಥದ್ದಲ್ಲ: ‘ಸಂಖ್ಯೆ ಬದಲಾಗಿದೆ ಎಂದು ಮೆಸೇಜ್ ಕಳಿಸಿದ್ದೆವು, ತಿಳಿಸಬೇಕಾದವರು ನೀವು.’ ಪಿಂಚಣಿ ಬ್ಯಾಂಕಿನದೇ ಸಿಪಿಪಿಸಿಯಿಂದ ಬರುತ್ತಿದ್ದರೆ ಈ ಮಾತು ನಿಲ್ಲುವುದಿಲ್ಲ. ಬ್ಯಾಂಕಿನ ಒಂದು ಕೋಣೆಯ ಬದಲಾವಣೆಯನ್ನು ಅದರದೇ ಇನ್ನೊಂದು ಕೋಣೆಗೆ ಗ್ರಾಹಕ ಹೊತ್ತು ಮುಟ್ಟಿಸಬೇಕೆ? ಜೊತೆಗೆ, ಬ್ಯಾಂಕಿಗೆ ಬ್ಯಾಂಕೇ ಸೇರಿದಲ್ಲಿ ಸರ್ಕಾರದ ವಿಲೀನ ಯೋಜನೆಯ ಪ್ರಕಾರ ಹಳೆಯ ಬ್ಯಾಂಕಿನ ಹಕ್ಕುಗಳ ಜೊತೆ ಹೊಣೆಗಳೂ ಹೊಸ ಬ್ಯಾಂಕಿಗೇ ಬರುತ್ತವೆ. ಆದರೆ ಪಿಂಚಣಿ ಹೊರಗಿನಿಂದ ಬರುವುದಾದರೆ ಕತೆ ಬೇರೆ. ಜಾಯಕವಾಡಿ ಅಣೆಕಟ್ಟಿನಲ್ಲಿ ದುಡಿದು ನಿವೃತ್ತರಾದ ಮಹಾರಾಷ್ಟ್ರ ಸರ್ಕಾರಿ ನೌಕರರಿಗೆ ಜಿಲ್ಲಾ ಖಜಾನೆ ನೇರವಾಗಿ ಖಾತೆಗೆ ಹಣ ಕಳಿಸುತ್ತಿದ್ದರೆ, ಎನ್‌ಇಎಫ್‌ಟಿಯಲ್ಲಿ ಜಮೆಗೆ ಖಾತೆ ಸಂಖ್ಯೆಯೊಂದೇ ಆಧಾರ. ಹಳೆಯ ಸಂಖ್ಯೆ ಸತ್ತಿದ್ದರೆ ಹಣ ಖಜಾನೆಗೆ ವಾಪಸು. ಆಗ ಮುಖ್ಯ ಕಾಗದ ಛತ್ರಪತಿ ಸಂಭಾಜಿನಗರದ ಜಿಲ್ಲಾ ಖಜಾನೆಗೆ ಹೋಗಬೇಕು, ಹೊಸ ಪಾಸ್‌ಬುಕ್ಕಿನ ಮೊದಲ ಪುಟದ ಜೊತೆ. ಬ್ಯಾಂಕಿನಿಂದ ಕೇಳಬೇಕಾದದ್ದು ವಾಪಸಾದ ತಾರೀಖು ಮತ್ತು ಯುಟಿಆರ್ ಸಂಖ್ಯೆ ಮಾತ್ರ. ಇಲ್ಲಿ ಬ್ಯಾಂಕಿನ ಮೇಲೆ ಜಗಳಕ್ಕೆ ಹೋಗಿ ಎರಡು ತಿಂಗಳು ಕಳೆಯುವುದು ನಷ್ಟದ ಬಾಬತ್ತು.

ಇನ್ನೊಂದು ಆಕ್ಷೇಪ ಮನೆಯವರಿಂದಲೇ ಬರುತ್ತದೆ: ಮ್ಯಾನೇಜರ್ ಪರಿಚಯದವರು, ಹೋಗಿ ಹೇಳಿದರೆ ಆಗುತ್ತದೆ, ಕಾಗದವೇಕೆ? ಹೋಗಿ ಹೇಳುವುದೂ ಇರಲಿ. ಆದರೆ ಬಾಯಿಮಾತಿಗೆ ತಾರೀಖಿಲ್ಲ. ಸ್ವೀಕೃತಿಯ ಸೀಲು ಬಿದ್ದ ಕಾಗದದಿಂದ 30 ದಿನಗಳ ಲೆಕ್ಕ ಶುರುವಾಗುತ್ತದೆ. ಅಷ್ಟರಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ `cms.rbi.org.in` ಮೂಲಕ ದೂರು ಕೊಡಬಹುದು. ಬ್ಯಾಂಕಿಗೆ ಮೊದಲು ಲಿಖಿತ ದೂರು ಕೊಟ್ಟ ಪುರಾವೆ ಇಲ್ಲದಿದ್ದರೆ ಅಲ್ಲಿ ಅರ್ಜಿ ನಿಲ್ಲುವುದಿಲ್ಲ.

ಬಡ್ಡಿಯ ಸಾಲನ್ನು ಮಾತ್ರ ಅನೇಕರು ಸಂಕೋಚದಿಂದ ಬಿಟ್ಟುಬಿಡುತ್ತಾರೆ. ಸರ್ಕಾರಿ ಪಿಂಚಣಿ ವಿತರಿಸುವ ಬ್ಯಾಂಕುಗಳು ತಡಮಾಡಿದರೆ ವರ್ಷಕ್ಕೆ ಶೇಕಡಾ 8ರಂತೆ ಪರಿಹಾರ ಕೊಡಬೇಕು, ಅದನ್ನೂ ಪಿಂಚಣಿದಾರರು ಕೇಳುವ ಮೊದಲೇ ತಾವಾಗಿ ಜಮೆ ಮಾಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ನಮ್ಮ ಉದಾಹರಣೆಯಲ್ಲಿ ಏಪ್ರಿಲ್ ಮತ್ತು ಮೇ ಎರಡೂ ಕಂತು ಜೂನ್ 9ಕ್ಕೆ ಒಟ್ಟಿಗೆ ಬಂದವೆನ್ನಿ. ಏಪ್ರಿಲ್ ಕಂತಿಗೆ 40 ದಿನ, ಸುಮಾರು 249 ರೂಪಾಯಿ. ಮೇ 31ರ ಕಂತಿಗೆ 9 ದಿನ, 56 ರೂಪಾಯಿ. ಒಟ್ಟು 305. ಇಷ್ಟಕ್ಕೆ ಬ್ಯಾಂಕಿನವರ ಮನಸ್ಸು ಕೆಡಿಸಿಕೊಳ್ಳುವುದೇಕೆ ಎನ್ನುವವರಿದ್ದಾರೆ. ಆದರೆ 305 ರೂಪಾಯಿ ಹಾಕಲು ಬ್ಯಾಂಕು ಮೊದಲು ‘ಜಮೆಯಾಗಬೇಕಿದ್ದ ದಿನ’ ಮತ್ತು ‘ಜಮೆಯಾದ ದಿನ’ ಎರಡನ್ನೂ ಬರೆಯಬೇಕಾಗುತ್ತದೆ. ತಡ ಯಾರದೆಂಬ ಚರ್ಚೆ ಅಲ್ಲಿಗೆ ಮುಗಿಯುತ್ತದೆ. ಜೂನ್ ಪಿಂಚಣಿ ಮತ್ತೆ ಹಳೆಯ ಸಂಖ್ಯೆಗೆ ಹೋಗಿ ಸಿಕ್ಕಿಕೊಂಡರೆ, ಎರಡನೆಯ ಕಾಗದಕ್ಕೆ ಲಗತ್ತಿಸಲು ಬ್ಯಾಂಕಿನದೇ ಲೆಕ್ಕ ಕೈಯಲ್ಲಿರುತ್ತದೆ.