ಒಂದು ಸ್ಪೇಸಿನ ಬೆಲೆ

ಒಂದು ಕಾಲಕ್ಕೆ ಕನ್ನಡ ಸಿನಿಮಾಗಳು ತಯಾರಾಗುತ್ತಿದ್ದ ಕೋಡಂಬಾಕ್ಕಂನಲ್ಲಿ ಕೂತು ನಾನೀಗ ದಿನವಿಡೀ ಕನ್ನಡ ಕೇಳುತ್ತೇನೆ. ಹೆಡ್‌ಫೋನಿನಲ್ಲಿ ಯಾರೋ ಮಾತಾಡುತ್ತಾರೆ, ನಾನು ಟೈಪ್ ಮಾಡುತ್ತೇನೆ. ಮಾತನ್ನು ಬರಹಕ್ಕಿಳಿಸುವುದನ್ನು ಕಂಪ್ಯೂಟರಿಗೆ ಕಲಿಸಲು ಇಂಥ ಧ್ವನಿ-ಬರಹಗಳ ಜೋಡಿ ರಾಶಿರಾಶಿ ಬೇಕು.

ಕನ್ನಡ ಬಂದರೆ ಸಾಕು ಅಂದುಕೊಳ್ಳುತ್ತಾರೆ. ಸಾಲದು. ಹುಬ್ಬಳ್ಳಿಯವರು ‘ಬರಾಕತ್ತಾನ’ ಅಂದರೆ ಹಾಗೇ ಬರೆಯಬೇಕು. ನಮ್ಮ ಮೈಸೂರು ಕಡೆಯ ಕೈ ತಾನಾಗಿ ‘ಬರ್ತಿದ್ದಾನೆ’ ಎಂದು ತಿದ್ದಲು ಹೋಗುತ್ತದೆ, ಅದನ್ನು ತಡೆಯಬೇಕು. ಕೇಳಿದ್ದನ್ನು ಬರೆಯುವುದು, ಅರ್ಥವಾದದ್ದನ್ನಲ್ಲ. ಸ್ಪಷ್ಟವಾದ ಒಂದು ನಿಮಿಷದ ಮಾತಿಗೆ ಐದಾರು ನಿಮಿಷ ಹಿಡಿಯುತ್ತದೆ, ಇಬ್ಬರು ಒಟ್ಟಿಗೆ ಮಾತಾಡಿದರೆ ಹತ್ತೂ ಆಗಬಹುದು. ದುಡ್ಡು ಮಾತ್ರ ಆಡಿಯೋದ ನಿಮಿಷಕ್ಕೆ. ನನಗೆ ಸಿಗುವುದು ನಿಮಿಷಕ್ಕೆ 15 ರೂಪಾಯಿ.

ಅದೂ ಪೂರ್ತಿ ಸಿಗುವುದು ಸ್ಕೋರ್ 95 ದಾಟಿದರೆ. ಪ್ರತಿ ಬ್ಯಾಚಿನಲ್ಲೂ ಕೆಲವು ತುಣುಕುಗಳಿಗೆ ರಿವ್ಯೂವರ್ ಮೊದಲೇ ಉತ್ತರ ಬರೆದಿಟ್ಟಿರುತ್ತಾರೆ. ಇವು ಗೋಲ್ಡ್ ಟಾಸ್ಕ್. ಯಾವುವು ಎಂದು ನಮಗೆ ತಿಳಿಯದು. ನಮ್ಮ ಬರಹವನ್ನು ಆ ಉತ್ತರದೊಂದಿಗೆ ಪದಪದವಾಗಿ ಹೋಲಿಸಿ, ಬದಲಾದ, ಬಿಟ್ಟುಹೋದ, ಹೆಚ್ಚಾದ ಪದಗಳನ್ನೆಲ್ಲ ಕೂಡಿ, ಉತ್ತರದಲ್ಲಿರುವ ಒಟ್ಟು ಪದಗಳಿಂದ ಭಾಗಿಸುತ್ತಾರೆ. ಇದು ವರ್ಡ್ ಎರರ್ ರೇಟ್.

ಇಂಗ್ಲಿಷಿಗೆ ಈ ಲೆಕ್ಕ ಹೊಂದುತ್ತದೇನೋ. ಪದಕ್ಕೆ ಪದ ಅಂಟಿಕೊಳ್ಳುವ ಕನ್ನಡಕ್ಕೆ ಕಷ್ಟ. ಕಳೆದ ತಿಂಗಳ ಒಂದು ಬ್ಯಾಚನ್ನೇ ನೋಡಿ. ಗೋಲ್ಡ್ ತುಣುಕುಗಳಲ್ಲಿ ಒಟ್ಟು 80 ಪದಗಳಿದ್ದವು. ರಿವ್ಯೂವರ್ ‘ಬಂದುಬಿಟ್ಟ’ ಎಂದು ಕೂಡಿಸಿದ್ದರು, ನಾನು ‘ಬಂದು ಬಿಟ್ಟ’ ಎಂದು ಬಿಡಿಸಿದ್ದೆ. ಎರಡೂ ರೂಢಿಯಲ್ಲಿವೆ, ಗೈಡ್‌ಲೈನಿನಲ್ಲಿ ಇದರ ಬಗ್ಗೆ ಒಂದು ಮಾತೂ ಇರಲಿಲ್ಲ. ಯಂತ್ರದ ಕಣ್ಣಿಗೆ ಒಂದು ಪದ ಬದಲಾಗಿದೆ, ಮೇಲೊಂದು ಹೆಚ್ಚಾಗಿದೆ. ಒಂದು ಸ್ಪೇಸಿಗೆ ಎರಡು ತಪ್ಪು! ಇಂಥವು ಮೂರಿದ್ದವು. 80ಕ್ಕೆ 6 ಎಂದರೆ ಶೇ. 7.5. ಸ್ಕೋರ್ 92.5ಕ್ಕೆ ಇಳಿಯಿತು. 40 ನಿಮಿಷದ ಆ ಬ್ಯಾಚಿಗೆ ಬರಬೇಕಿದ್ದ 600 ರೂಪಾಯಿಯಲ್ಲಿ ಬಂದದ್ದು 360. ಪದದ ಬದಲು ಅಕ್ಷರ ಎಣಿಸಿದ್ದರೆ ಮೂರು ಸ್ಪೇಸ್‌ಗಳಿಂದ ಸ್ಕೋರ್ ಇಷ್ಟು ಇಳಿಯುತ್ತಿರಲಿಲ್ಲ.

ಆಕ್ಷೇಪಣೆ ಸಲ್ಲಿಸಲು ಎರಡು ದಿನ ಕೊಡುತ್ತಾರೆ. ‘ಸ್ಕೋರ್ ತಪ್ಪು’ ಎಂದಷ್ಟೇ ಬರೆದರೆ ಯಾರೂ ನೋಡುವುದಿಲ್ಲ. ತುಣುಕಿನ ನಂಬರ್, ಎರಡೂ ರೂಪ, ಅದೇ ರಿವ್ಯೂವರ್ ಬೇರೊಂದು ಕಡೆ ‘ಹೋಗಿ ಬಿಟ್ಟ’ ಎಂದು ಬಿಡಿಸಿ ಬರೆದದ್ದು, ಎಲ್ಲವನ್ನೂ ಒಟ್ಟಿಗೆ ಕಳಿಸಿದೆ. ಮೂರರಲ್ಲಿ ಎರಡನ್ನು ಒಪ್ಪಿದರು. ತಪ್ಪು ಎರಡಕ್ಕಿಳಿದು ಸ್ಕೋರ್ 97.5 ಆಯಿತು, ಉಳಿದ 240 ರೂಪಾಯಿ ಮುಂದಿನ ವಾರ ಬಂತು.

ಪಕ್ಕದ ಬೀದಿಯಲ್ಲಿ ಇದೇ ಕೆಲಸ ಮಾಡುವ ದಾವಣಗೆರೆಯ ಅಕ್ಕ ಈಗ ನನ್ನ ಜೊತೆ ಒಂದು ಪಟ್ಟಿ ಇಟ್ಟಿದ್ದಾರೆ. ಯಾವ ರಿವ್ಯೂವರ್ ಯಾವುದನ್ನು ಕೂಡಿಸುತ್ತಾರೆ, ಯಾವುದನ್ನು ಬಿಡಿಸುತ್ತಾರೆ ಎಂದು. ‘ಕನ್ನಡ ಬರಿಯೂದಲ್ಲವಾ ಇದು, ಅವರ ಮನಸ್ಸು ಓದೂದು’ ಅಂತಾರೆ ಅಕ್ಕ. ಪಟ್ಟಿಯಲ್ಲಿ ಈಗ 140 ಪದಗಳಿವೆ. ‘ಬರಾಕತ್ತಾನ’ ಒಂದೋ ಎರಡೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.