ಹೇಳಲು ನಾಚುವ ವ್ಯಾಧಿ

ಕೆಲವು ವ್ಯಾಧಿಗಳನ್ನು ಕುರಿತು ಮನೆಯವರೊಡನೆಯೂ ಮಾತನಾಡಲು ನಾಲಗೆ ಏಳುವುದಿಲ್ಲ. ಮಲದೊಡನೆ ರಕ್ತ ಹೋಗುವುದು ಅಂಥವುಗಳಲ್ಲೊಂದು. ನಮ್ಮ ತ್ಯಾಮಗೊಂಡ್ಲಿನ ಕಡೆ ಅದಕ್ಕೆಲ್ಲ ಮೂಲವ್ಯಾಧಿಯೆಂಬ ಒಂದೇ ಹೆಸರಿಟ್ಟು, ‘ಉಷ್ಣವಾಗಿದೆ’ ಎಂದು ಮಜ್ಜಿಗೆ ಕುಡಿದು ಸುಮ್ಮನಾಗುವುದುಂಟು. ಆದರೆ ಈ ಒಂದು ಹೆಸರಿನ ಮರೆಯಲ್ಲಿ ಎರಡು ಬೇರೆ ವ್ಯಾಧಿಗಳು ಅಡಗಿರುತ್ತವೆ. ಅವನ್ನು ಬೇರ್ಪಡಿಸುವ ಮೊದಲ ಗುರುತು ನೋವು.

ಮೂಲವ್ಯಾಧಿಯೆಂದರೆ ಗುದದೊಳಗಿನ ರಕ್ತನಾಳಗಳ ಮೆತ್ತೆ ಊದಿ ಕೆಳಗೆ ಜಾರುವುದು. ಒಳಗಿನ ಮೊಳೆಯಿಂದ ಕೆಂಪು ರಕ್ತ ತೊಟ್ಟಿಕ್ಕಿದರೂ ಸಾಮಾನ್ಯವಾಗಿ ನೋವಿರುವುದಿಲ್ಲ. ಗುದದ ಸೀಳಾದರೋ ಚರ್ಮವೇ ಹರಿದ ಗಾಯ. ರಕ್ತ ಅಲ್ಪ, ನೋವು ಅಪಾರ.

ಪೇಟೆಯಲ್ಲಿ ಅಂಗಡಿ ನಡೆಸುವ ನನ್ನ ಸೋದರಮಾವನವರು, “ಗಾಜಿನ ಚೂರು ಕೊಯ್ದ ಹಾಗಾಗುತ್ತದಪ್ಪ, ಎರಡು ಗಂಟೆ ಕುಳಿತುಕೊಳ್ಳಲಾಗುವುದಿಲ್ಲ” ಎಂದಾಗಲೇ ಇದು ಸೀಳಿರಬೇಕೆಂದು ತೋರಿತು. ವೈದ್ಯರೂ ನೋಡಿ ಹಾಗೆಯೇ ಹೇಳಿದರು. ಗಿರಾಕಿಗಳ ನಡುವೆ ಅವರು ನೀರು ಕುಡಿಯುತ್ತಿರಲಿಲ್ಲ. ಶೌಚದ ಕರೆ ಬಂದರೂ ತಡೆಯುತ್ತಿದ್ದರು. ಹಾಗೆ ಗಟ್ಟಿಯಾದ ಮಲವು ಚರ್ಮವನ್ನು ಹರಿಯಿತು. ನೋವಿಗೆ ಗುದದ ಸ್ನಾಯು ಬಿಗಿಯಿತು. ಬಿಗಿದ ಸ್ನಾಯುವಿನಿಂದ ಗಾಯಕ್ಕೆ ರಕ್ತಸಂಚಾರ ಕುಗ್ಗಿ ಅದು ಮಾಯದಾಯಿತು. ನೋವಿಗೆ ಹೆದರಿ ಅವರು ಶೌಚವನ್ನು ಮತ್ತೂ ಮುಂದೂಡಿದರು. ಮಲ ಮತ್ತೂ ಗಟ್ಟಿಯಾಯಿತು. ಗಾಣದ ಎತ್ತಿನಂತೆ ವ್ಯಾಧಿಯು ಅಲ್ಲಿಯೇ ಸುತ್ತುತ್ತಿತ್ತು.

ಈ ಸುತ್ತನ್ನು ಮುರಿಯುವುದೇ ಮನೆಯ ಮದ್ದಿನ ಕೆಲಸ. ರಾಗಿಮುದ್ದೆ, ಸೊಪ್ಪಿನ ಸಾರು, ತರಕಾರಿ ಮತ್ತೆ ಊಟಕ್ಕೆ ಬಂದವು, ಖಾರ ಕಡಿಮೆಯಾಯಿತು. ರಾತ್ರಿ ಎರಡು ಚಮಚ ಇಸಬಗೋಲಿನ ಹೊಟ್ಟನ್ನು ದೊಡ್ಡ ಲೋಟ ನೀರಿನಲ್ಲಿ ಕಲಸಿ ಕುಡಿದರು. ನೀರು ಸಾಲದಿದ್ದರೆ ಈ ಹೊಟ್ಟೇ ಕಟ್ಟಿಕೊಳ್ಳುವುದೆಂಬುದನ್ನು ಮರೆಯಬಾರದು. ಶೌಚವಾದ ಮೇಲೆ ಅಗಲವಾದ ಬೋಗುಣಿಯಲ್ಲಿ ಉಗುರುಬೆಚ್ಚನೆಯ ನೀರು ತುಂಬಿ ಹತ್ತು ಹದಿನೈದು ನಿಮಿಷ ಕುಳಿತರೆ ಬಿಗಿದ ಸ್ನಾಯು ಸಡಿಲುತ್ತದೆ. ಹೊಸ ಸೀಳು ಬಹುಮಟ್ಟಿಗೆ 4–6 ವಾರಗಳಲ್ಲಿ ಹೀಗೆಯೇ ಮಾಯುವುದು, ಅವರದೂ ಮಾಯಿತು.

ಎಂಟು ವಾರವಾದರೂ ಮಾಯದಿದ್ದರೆ ಸ್ನಾಯುವನ್ನು ಸಡಿಲಿಸುವ ಮುಲಾಮನ್ನು ವೈದ್ಯರು ಕೊಡುತ್ತಾರೆ. ಅದೂ ಸೋತರೆ ಶಸ್ತ್ರವೈದ್ಯರು ಒಳಸ್ನಾಯುವಿನ ಸ್ವಲ್ಪ ಭಾಗವನ್ನು ಕೊಯ್ದು ಬಿಗಿ ಬಿಡಿಸುತ್ತಾರೆ. ಹೆಚ್ಚಿನವರಿಗೆ ಇದರಿಂದ ಗುಣವಾಗುತ್ತದೆ. ಕೆಲವರಿಗೆ ಮಾತ್ರ ವಾಯುವನ್ನೋ ಮಲವನ್ನೋ ತಡೆಯುವ ಹಿಡಿತ ತುಸು ತಪ್ಪಬಹುದಾದ್ದರಿಂದ ಇದನ್ನು ಕೊನೆಗಿರಿಸುವುದು. ಮೂಲವ್ಯಾಧಿಯಲ್ಲಿಯೂ ಮೊಳೆ ಒಳಕ್ಕೆ ಹೋಗದೆ ಹೊರಗೇ ನಿಂತರೆ, ಅಥವಾ ರಕ್ತ ಹೋಗಿ ಮೈ ಬಿಳಿಚಿದರೆ ಶಸ್ತ್ರವೈದ್ಯರ ಬಳಿಗೆ ಹೋಗಲೇಬೇಕು. ರಸ್ತೆಬದಿಯ ಫಲಕ ನಂಬಿ ಸುಡುವ ಮದ್ದು ಹಚ್ಚಿಸಿಕೊಳ್ಳಬಾರದು.

ಇನ್ನೊಂದು ಮಾತು. ರಕ್ತ ಕಪ್ಪಾಗಿದ್ದರೆ, ಮಲದೊಳಗೆ ಬೆರೆತಿದ್ದರೆ, ಮೈ ಇಳಿಯುತ್ತಿದ್ದರೆ, ಶೌಚದ ಕ್ರಮ ಬದಲಾದರೆ, ಇಲ್ಲವೆ ನಲವತ್ತೈದು ದಾಟಿದವರಿಗೆ ಹೊಸದಾಗಿ ರಕ್ತ ಕಂಡರೆ, ಅದನ್ನು ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಕೂಡದು. ಕರುಳಿನ ಅರ್ಬುದವೂ ಇದೇ ಬಾಗಿಲಿನಿಂದ ಮೊದಲು ಕಾಣಿಸಿಕೊಳ್ಳಬಹುದು. ನಾಚಿಕೆಯಿಂದ ಕಳೆದ ತಿಂಗಳುಗಳನ್ನು ಯಾವ ಶಸ್ತ್ರವೈದ್ಯನೂ ಮರಳಿ ಕೊಡಲಾರನು.